ಸರ್ವೆ ನಂಬರಿನ ಒಂದು ತುಂಡನ್ನು ವಾಸಕ್ಕೆ ಪರಿವರ್ತಿಸುವ ಕ್ರಮ: ಪಹಣಿಯಿಂದ ನಮೂನೆ 9ರವರೆಗೆ

ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಅನುಮತಿ ಪಡೆಯಬೇಕು. ಭೂ ಪರಿವರ್ತನೆ, ಅನ್ಯಕ್ರಾಂತ, ಅಲಿನೇಷನ್, ಎನ್.ಎ. ಎಂದು ಊರಿಗೊಂದು ಹೆಸರಿನಿಂದ ಕರೆಯುವುದು ಈ ಅನುಮತಿಯನ್ನೇ. ಅರ್ಜಿಗಳು ಮರಳಿ ಬರುವುದು ಬಹುತೇಕ ಒಂದೇ ಕಾರಣಕ್ಕೆ: ಕೊನೆಯಲ್ಲಿ ಹಾಕಬೇಕಾದ ಅರ್ಜಿಯನ್ನು ಜನರು ಮೊದಲೇ ಹಾಕಿಬಿಡುತ್ತಾರೆ. ಪಹಣಿಯಲ್ಲಿ ಒಂದು ವಿಸ್ತೀರ್ಣ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್‌ನಲ್ಲಿ ಇನ್ನೊಂದು, ನಕ್ಷೆಯಲ್ಲಿ ಮತ್ತೊಂದು ಇರುವಾಗ ಅರ್ಜಿ ಎಷ್ಟು ಅಚ್ಚುಕಟ್ಟಾಗಿದ್ದರೂ ಮುಂದಕ್ಕೆ ಹೋಗುವುದಿಲ್ಲ.

ಹೆಚ್ಚು ತೊಡಕು ಬರುವ ಸಂದರ್ಭವೆಂದರೆ ಜಂಟಿ ಖಾತೆಯಲ್ಲಿರುವ ಜಮೀನಿನ ಒಂದು ಭಾಗವನ್ನು ಮಾತ್ರ ಪರಿವರ್ತಿಸುವುದು. ಆದ್ದರಿಂದ ಈ ಬರಹದುದ್ದಕ್ಕೂ ಒಂದೇ ಕಲ್ಪಿತ ಉದಾಹರಣೆಯನ್ನು ಹಿಡಿದು ಸಾಗೋಣ. ಸರ್ವೆ ನಂಬರ್ 47, ಹಿಸ್ಸಾ 2. ಪಹಣಿಯ ಪ್ರಕಾರ ಒಟ್ಟು 2 ಎಕರೆ 10 ಗುಂಟೆ. ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ. ರಸ್ತೆಯ ಬದಿಯ 12 ಗುಂಟೆಯಲ್ಲಿ ಎರಡನೆಯವರು ಮನೆ ಕಟ್ಟಬೇಕೆಂದಿದ್ದಾರೆ.

## 1. ಜಮೀನು ಯಾವ ವಲಯದಲ್ಲಿದೆ ಎಂದು ನೋಡಿಕೊಳ್ಳುವುದು

ಅಳತೆಗೆ ಹಣ ಕಟ್ಟುವ ಮೊದಲೇ ಮಾಡಬೇಕಾದ ಕೆಲಸವಿದು. ಜಮೀನು ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅದಕ್ಕೊಂದು ಮಹಾಯೋಜನೆ ಇರುತ್ತದೆ, ಮತ್ತು ಆ ನಕ್ಷೆಯಲ್ಲಿ ಪ್ರತಿಯೊಂದು ಸರ್ವೆ ನಂಬರಿಗೂ ಒಂದು ಉದ್ದೇಶ ಗೊತ್ತುಪಡಿಸಲಾಗಿರುತ್ತದೆ. ವಾಸದ ವಲಯವನ್ನು ಹಳದಿಯಲ್ಲೂ ಕೃಷಿ ವಲಯವನ್ನು ಹಸಿರಿನಲ್ಲೂ ತೋರಿಸುವುದು ರೂಢಿ. ಪ್ರಾಧಿಕಾರದ ಕಚೇರಿಯಲ್ಲಿ ಸರ್ವೆ ನಂಬರ್ ಕೊಟ್ಟು ವಲಯದ ಬಗ್ಗೆ ಲಿಖಿತ ದೃಢೀಕರಣ ಕೇಳಿ ಪಡೆಯಬೇಕು. ಬಾಯಿಮಾತಿನ ಭರವಸೆ ಇಲ್ಲಿ ಕೆಲಸಕ್ಕೆ ಬಾರದು.

ಜಮೀನು ಹಸಿರು ವಲಯದಲ್ಲಿದ್ದರೆ ಭೂ ಪರಿವರ್ತನೆಗೂ ಮುಂಚೆ ಭೂ ಉಪಯೋಗ ಬದಲಾವಣೆ ಆಗಬೇಕು. ಅದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಡಿ ನಡೆಯುವ ಬೇರೆಯೇ ಪ್ರಕ್ರಿಯೆ. ಇವೆರಡನ್ನೂ ಒಂದೆಂದು ಭಾವಿಸಿ ನೇರವಾಗಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕುವವರು ಬಹಳ. ಭೂ ಉಪಯೋಗ ಬದಲಾವಣೆ ಎಂದರೆ ಯೋಜನೆಯ ನಕ್ಷೆಯಲ್ಲಿನ ಬಣ್ಣ ಬದಲಾಗುವುದು. ಭೂ ಪರಿವರ್ತನೆ ಎಂದರೆ ಕಂದಾಯ ದಾಖಲೆಯಲ್ಲಿ ಕೃಷಿ ಎಂಬುದು ಕೃಷಿಯೇತರ ಎಂದಾಗುವುದು. ಮೊದಲನೆಯದು ಆಗದೆ ಎರಡನೆಯದನ್ನು ಕೇಳಿದರೆ ಯೋಜನಾ ಪ್ರಾಧಿಕಾರದ ಅಭಿಪ್ರಾಯವೇ ಪ್ರತಿಕೂಲವಾಗಿ ಬರುತ್ತದೆ.

ಕೆರೆಯಂಗಳ, ರಾಜಕಾಲುವೆ, ಅರಣ್ಯದ ಅಂಚು, ಹೈಟೆನ್ಷನ್ ವಿದ್ಯುತ್ ಮಾರ್ಗ, ಹೆದ್ದಾರಿ ಇವುಗಳಲ್ಲಿ ಯಾವುದಾದರೂ ಜಮೀನಿಗೆ ತಾಗಿದ್ದರೆ ಎಷ್ಟು ಜಾಗ ಬಿಡಬೇಕೆಂಬುದನ್ನೂ ಈ ಹಂತದಲ್ಲಿಯೇ ಕೇಳಿ ತಿಳಿಯಬೇಕು. ಹನ್ನೆರಡು ಗುಂಟೆಯಲ್ಲಿ ಐದು ಗುಂಟೆ ಬಿಡಬೇಕಾಗಿ ಬಂದರೆ ಆ ಜಾಗದಲ್ಲಿ ಮನೆಯ ಯೋಚನೆಯನ್ನೇ ಬದಲಿಸಬೇಕಾಗಬಹುದು.

## 2. ಪಹಣಿ ಮತ್ತು ಆಕಾರ್‌ಬಂದ್‌ಗಳನ್ನು ತಾಳೆ ನೋಡುವುದು

ಮೂರು ದಾಖಲೆಗಳು ಬೇಕು: ಚಾಲ್ತಿ ಸಾಲಿನ ಪಹಣಿ, ಸರ್ವೆ ದಾಖಲೆ ಶಾಖೆಯಿಂದ ಆಕಾರ್‌ಬಂದ್‌ನ ದೃಢೀಕೃತ ನಕಲು, ಮತ್ತು ಅದೇ ಹಿಸ್ಸಾದ ಅಳತೆಯ ವಿವರವಿರುವ ಟಿಪ್ಪಣಿಯ ನಕಲು. ಪಹಣಿ ಭೂಮಿ ತಂತ್ರಾಂಶದಿಂದ ಬರುತ್ತದೆ. ಉಳಿದೆರಡು ಸರ್ವೆ ಇಲಾಖೆಯವು. ಒಂದೇ ಜಮೀನಿನ ಲೆಕ್ಕವನ್ನು ಎರಡು ಕಡೆ ಪ್ರತ್ಯೇಕವಾಗಿ ಬರೆದಿಟ್ಟಿರುವುದರಿಂದ ಎಷ್ಟೋ ವರ್ಷಗಳಲ್ಲಿ ಅವು ಒಂದಕ್ಕೊಂದು ಹೊಂದದೆ ಹೋಗಿರುತ್ತವೆ.

ಪಹಣಿಯ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅ ಖರಾಬು, ಬ ಖರಾಬು ಮತ್ತು ಉಳಿದದ್ದು ಎಂದು ನಾಲ್ಕು ಸಾಲುಗಳಿರುತ್ತವೆ. ಈ ನಾಲ್ಕನ್ನೂ ಒಂದೊಂದಾಗಿ ಆಕಾರ್‌ಬಂದ್‌ನೊಂದಿಗೆ ಹೋಲಿಸಬೇಕು. ಒಟ್ಟು ವಿಸ್ತೀರ್ಣವಷ್ಟೇ ಸರಿಹೊಂದಿತೆಂದು ನಿಲ್ಲಿಸಬಾರದು, ಏಕೆಂದರೆ ತಪ್ಪು ಅಡಗಿರುವುದು ಹೆಚ್ಚಾಗಿ ಖರಾಬಿನ ಸಾಲಿನಲ್ಲಿಯೇ. ಅ ಖರಾಬು ಬಂಡೆ, ತಗ್ಗು ಮುಂತಾದ ಸಾಗುವಳಿಗೆ ಬಾರದ ನೆಲ. ಬ ಖರಾಬು ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಅದು ಹಿಡುವಳಿದಾರನದಲ್ಲವಾದ್ದರಿಂದ ತನ್ನದೆಂದು ಪರಿವರ್ತನೆಗೆ ಕೇಳಲು ಬರುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಆಗಿರುವುದು ಇದೇ. ಪಹಣಿಯಲ್ಲಿ ಖರಾಬಿನ ಎರಡೂ ಸಾಲು ಸೊನ್ನೆ. ಉಳಿದದ್ದು 2 ಎಕರೆ 10 ಗುಂಟೆ. ಆಕಾರ್‌ಬಂದ್‌ನಲ್ಲಿ ಒಟ್ಟು ಅಷ್ಟೇ ಇದ್ದರೂ ಬ ಖರಾಬು 3 ಗುಂಟೆ, ಉಳಿದದ್ದು 2 ಎಕರೆ 7 ಗುಂಟೆ. ಟಿಪ್ಪಣಿ ತೆರೆದು ನೋಡಿದರೆ ಆ ಮೂರು ಗುಂಟೆ ರಸ್ತೆಯ ಬದಿಯಲ್ಲಿಯೇ ಹಾದುಹೋಗುವ ಬಂಡಿದಾರಿ, ಅಂದರೆ ಮನೆಗೆಂದು ಆರಿಸಿಕೊಂಡ ಜಾಗದಲ್ಲಿಯೇ ಇದೆ. ಇದನ್ನು ಗಮನಿಸದೆ ರಸ್ತೆಯಂಚಿನಿಂದ 12 ಗುಂಟೆ ಅಳೆದು ಬೇಲಿ ಹಾಕಿದವರಿಗೆ ನಿಜವಾಗಿ ದಕ್ಕುವುದು 9 ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ ಲೆಕ್ಕ ಹಾಕಿದರೆ 13,068 ಚದರ ಅಡಿಯ ಬದಲು 9,801 ಚದರ ಅಡಿ.

ಇಂಥ ವ್ಯತ್ಯಾಸ ಕಂಡರೆ ಅಲ್ಲಿಯೇ ನಿಂತು, ಆಕಾರ್‌ಬಂದ್‌ನಂತೆ ಪಹಣಿ ತಿದ್ದುಪಡಿ ಮಾಡಿಕೊಡುವಂತೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ದೃಢೀಕೃತ ಆಕಾರ್‌ಬಂದ್ ಮತ್ತು ಟಿಪ್ಪಣಿ ನಕಲುಗಳನ್ನು ಲಗತ್ತಿಸಿ ಸ್ವೀಕೃತಿ ಪಡೆಯಬೇಕು. ಮೂರು ಗುಂಟೆ ಕಳೆದುಹೋಗುತ್ತದೆಂಬ ಸಂಕಟದಿಂದ ಈ ತಿದ್ದುಪಡಿಯನ್ನು ಮುಂದೂಡುವವರಿದ್ದಾರೆ. ಆ ಮೂರು ಗುಂಟೆ ಮೊದಲಿನಿಂದಲೂ ಅವರದಾಗಿರಲಿಲ್ಲ, ಮುಂದೂಡಿದ್ದರಿಂದ ಉಳಿದ ಒಂಬತ್ತೂ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು.

## 3. ಪಹಣಿಯ 9 ಮತ್ತು 11ನೇ ಕಾಲಂಗಳನ್ನು ಸರಿಪಡಿಸುವುದು

9ನೇ ಕಾಲಂನಲ್ಲಿರುವ ಹೆಸರೇ ಅರ್ಜಿದಾರನ ಹೆಸರಾಗಿರಬೇಕು. ತೀರಿಕೊಂಡ ತಂದೆಯ ಹೆಸರೇ ಇನ್ನೂ ಉಳಿದಿದ್ದರೆ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದೊಂದಿಗೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಆಧಾರ್‌ನಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆಯ ಹೆಸರಿದ್ದರೂ ಈಗಲೇ ತಿದ್ದಿಸಿಕೊಳ್ಳಬೇಕು.

11ನೇ ಕಾಲಂನಲ್ಲಿ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಬ್ಯಾಂಕ್ ಅಥವಾ ಸಹಕಾರ ಸಂಘದ ಬೆಳೆಸಾಲ ತೀರಿಸಿ ವರ್ಷಗಳಾಗಿದ್ದರೂ ನಮೂದು ಹಾಗೆಯೇ ಉಳಿದಿರುವುದು ಸಾಮಾನ್ಯ. ಋಣಮುಕ್ತ ಪತ್ರ ಕೊಟ್ಟು ಅದನ್ನು ತೆಗೆಸಬೇಕು. ಭೂಸ್ವಾಧೀನದ ನಮೂದು, ನ್ಯಾಯಾಲಯದ ತಡೆಯಾಜ್ಞೆ, ಪರಭಾರೆ ಮಾಡಬಾರದೆಂಬ ಷರತ್ತು ಇವುಗಳಲ್ಲಿ ಒಂದಾದರೂ ಕಂಡರೆ ಅದು ಬಗೆಹರಿಯುವವರೆಗೆ ಮುಂದಿನ ಯಾವ ಖರ್ಚನ್ನೂ ಮಾಡಬಾರದು.

ಜಮೀನಿನ ಮೂಲ ಸರ್ಕಾರಿ ಮಂಜೂರಾತಿಯೇ ಎಂಬುದನ್ನು ಹಕ್ಕು ಬದಲಾವಣೆಯ ಹಳೆಯ ದಾಖಲೆಗಳಾದ ಮ್ಯುಟೇಷನ್‌ಗಳಿಂದ ಪತ್ತೆ ಮಾಡಬೇಕು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡಿದ್ದರೆ ಆ ಕ್ರಯವೇ ಊರ್ಜಿತವಲ್ಲ. ಗೇಣಿದಾರರಿಗೆ ಭೂ ನ್ಯಾಯಮಂಡಳಿಯಿಂದ ಬಂದ ಜಮೀನಾದರೆ ಭೂ ಸುಧಾರಣಾ ಕಾಯ್ದೆಯ 61ನೇ ಕಲಮಿನಲ್ಲಿ 15 ವರ್ಷಗಳ ಪರಭಾರೆ ನಿರ್ಬಂಧವಿದೆ. ಕೊಂಡುಕೊಂಡ ಜಮೀನನ್ನು ಪರಿವರ್ತಿಸಲು ಹೊರಟವರು ಈ ಎರಡನ್ನೂ ನೋಡಲೇಬೇಕು. ಕಾವೇರಿ ತಂತ್ರಾಂಶದಿಂದ ಪಡೆಯುವ ಋಣಭಾರ ಪ್ರಮಾಣಪತ್ರ ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ, ಮಂಜೂರಾತಿಯ ಷರತ್ತುಗಳನ್ನಲ್ಲ.

## 4. 11ಇ ನಕ್ಷೆ

ಇಡೀ ಹಿಸ್ಸಾವನ್ನು ಪರಿವರ್ತಿಸುವುದಾದರೆ ಇರುವ ಸರ್ವೆ ನಕ್ಷೆಯೇ ಆಧಾರವಾಗುತ್ತದೆ. ಹಿಸ್ಸಾದ ಒಂದು ಭಾಗವಾದರೆ ಆ ಭಾಗ ನೆಲದ ಮೇಲೆ ಎಲ್ಲಿದೆ ಎಂದು ತೋರಿಸುವ 11ಇ ನಕ್ಷೆ ಬೇಕು. ಭಾಗದ ಕ್ರಯಪತ್ರವಾಗಲಿ ವಿಭಾಗಪತ್ರವಾಗಲಿ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಲೂ ಇದೇ ನಕ್ಷೆ ಬೇಕು. ಪಹಣಿಯಲ್ಲಿ ಹಿಸ್ಸಾ ನಂಬರಿನ ಜೊತೆಗೆ ಪೈಕಿ ಎಂದೋ ಪಿ1, ಪಿ2 ಎಂದೋ ಇದ್ದರೆ ಆ ಜಮೀನಿಗೆ ಪೋಡಿಯೇ, ಅಂದರೆ ಅಳೆದು ಪ್ರತ್ಯೇಕ ನಂಬರ್ ಕೊಡುವ ಕೆಲಸವೇ, ಆಗಿಲ್ಲವೆಂದು ಅರ್ಥ. ಆಗ ಮೊದಲು ಪೋಡಿ ದುರಸ್ತಿ, ಅನಂತರ ಉಳಿದದ್ದು.

ಅರ್ಜಿಯನ್ನು ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹಾಕಿ ಶುಲ್ಕ ಕಟ್ಟಬೇಕು. ಪಹಣಿಯಲ್ಲಿ ಹೆಸರಿರುವ ಎಲ್ಲರೂ ಒಪ್ಪಿ ಸಹಿ ಮಾಡಬೇಕು. ಪರವಾನಗಿ ಪಡೆದ ಭೂಮಾಪಕರು ಸುತ್ತಲಿನ ಹಿಡುವಳಿದಾರರಿಗೆ ನೋಟೀಸು ಕೊಟ್ಟು ಅಳತೆಗೆ ಬರುತ್ತಾರೆ, ಮತ್ತು ಅವರು ತಯಾರಿಸಿದ ನಕ್ಷೆಗೆ ಸರ್ವೆ ಕಚೇರಿಯಲ್ಲಿ ಅನುಮೋದನೆ ಸಿಗುತ್ತದೆ.

ಜಂಟಿ ಖಾತೆಯವರಿಗೆ ಇಲ್ಲಿ ಎರಡು ದಾರಿಗಳಿವೆ. ಮೂವರೂ ಸೇರಿ ಅರ್ಜಿದಾರರಾಗಿ 12 ಗುಂಟೆಯನ್ನು ಪರಿವರ್ತಿಸಿಕೊಳ್ಳಬಹುದು. ಆದರೆ ಮನೆಯ ನಿವೇಶನ ಮೂವರ ಹೆಸರಿನಲ್ಲಿಯೇ ಉಳಿದು, ಗೃಹಸಾಲಕ್ಕೆ ಹೋದಾಗ ಮೂವರೂ ಸಹಿ ಮಾಡಬೇಕಾಗುತ್ತದೆ. ಇನ್ನೊಂದು ದಾರಿಯೆಂದರೆ ಮೊದಲು ವಿಭಾಗ ಮಾಡಿಕೊಂಡು, ಅನಂತರ ಒಬ್ಬರೇ ಪರಿವರ್ತನೆಗೆ ಹೋಗುವುದು. ನನ್ನ ಸಲಹೆ ಎರಡನೆಯದು. ಅದಕ್ಕೆ ಒಂದು ಮೆಟ್ಟಿಲು ಹೆಚ್ಚಾದರೂ ಮುಂದೆ ಮಕ್ಕಳ ಕಾಲದಲ್ಲಿ ತಕರಾರಿಗೆ ಎಡೆ ಇರುವುದಿಲ್ಲ.

ವಿಭಾಗದ ನಕ್ಷೆಯನ್ನೇ ಪರಿವರ್ತನೆಗೂ ಒದಗುವಂತೆ ಮಾಡಿಸಿಕೊಳ್ಳಬಹುದು. ಉಳಿದ ವಿಸ್ತೀರ್ಣ 87 ಗುಂಟೆ, ಒಬ್ಬೊಬ್ಬರಿಗೆ 29. ಇದನ್ನು ಮೂರು ತುಂಡು ಮಾಡಿಸಿದರೆ ಎರಡನೆಯವರು ತಮ್ಮ 29ರಲ್ಲಿ 12ನ್ನು ಬೇರ್ಪಡಿಸಲು ಮತ್ತೊಮ್ಮೆ ಅಳತೆ ಮಾಡಿಸಬೇಕಾಗುತ್ತದೆ. ಅದರ ಬದಲು ಆರಂಭದಲ್ಲಿಯೇ ನಾಲ್ಕು ತುಂಡುಗಳನ್ನು ಕೇಳಬೇಕು: 29, 29, ಮತ್ತು ಎರಡನೆಯವರ ಪಾಲಿಗೆ 12 ಹಾಗೂ 17. ಮ್ಯುಟೇಷನ್ ಆದ ಮೇಲೆ ಆ 12 ಗುಂಟೆಗೆ ತನ್ನದೇ ಹಿಸ್ಸಾ ನಂಬರ್ ಬರುತ್ತದೆ. ಅದನ್ನು 47/5 ಎಂದಿಟ್ಟುಕೊಳ್ಳೋಣ. ಆಗ ಪರಿವರ್ತನೆಗೆ ಕೇಳುವುದು ಒಂದು ಪೂರ್ಣ ಹಿಸ್ಸಾವನ್ನೇ ಹೊರತು ಅದರ ಭಾಗವನ್ನಲ್ಲ.

ಅಳತೆಯ ದಿನ ಜಮೀನಿನಲ್ಲಿಯೇ ಇರಬೇಕು. ಸಹಿ ಮಾಡುವ ಮುನ್ನ ನಕ್ಷೆಯಲ್ಲಿ ಮೂರನ್ನು ನೋಡಬೇಕು. ಬ ಖರಾಬಿನ ಬಂಡಿದಾರಿಯನ್ನು 12 ಗುಂಟೆಯ ಹೊರಗೆ ತೋರಿಸಲಾಗಿದೆಯೇ? ಮೂಲೆಗಳ ಬಾಂದುಕಲ್ಲುಗಳು ನೆಲದ ಮೇಲೆ ನಿಜವಾಗಿ ಸಿಕ್ಕಿವೆಯೇ, ಅಥವಾ ಅಂದಾಜಿನಲ್ಲಿ ಗುರುತು ಹಾಕಲಾಗಿದೆಯೇ? ಹಿಂದಿನ ಮೂರು ತುಂಡುಗಳಿಗೆ ಹೋಗಲು ದಾರಿ ಉಳಿದಿದೆಯೇ? ಮುಂದಿನ ಜಾಗವೆಲ್ಲ ಮನೆಗೆ ಹೋಗಿ ಹಿಂದಿನವರಿಗೆ ದಾರಿಯೇ ಇಲ್ಲದಂತಾದರೆ ಅಣ್ಣತಮ್ಮಂದಿರ ನಡುವಿನ ಆಕ್ಷೇಪಣೆ ಪರಿವರ್ತನೆಯ ಅರ್ಜಿಯವರೆಗೂ ಬಂದು ನಿಲ್ಲುತ್ತದೆ. ಪಕ್ಕದ ಜಮೀನಿನವರು ಗಡಿಯ ಬಗ್ಗೆ ತಕರಾರು ತೆಗೆದರೆ ಮೊದಲು ಹದ್ದುಬಸ್ತು ಮಾಡಿಸಿ ಗಡಿ ಗೊತ್ತುಪಡಿಸಿಕೊಳ್ಳಬೇಕು. ಜಗಳದ ಗಡಿಯನ್ನು ಹಿಡಿದು 11ಇ ಮಾಡಿಸಬಾರದು.

## 5. ವಿಭಾಗಪತ್ರ ಮತ್ತು ಮ್ಯುಟೇಷನ್

11ಇ ನಕ್ಷೆಯನ್ನು ಲಗತ್ತಿಸಿ ವಿಭಾಗಪತ್ರವನ್ನು ನೋಂದಾಯಿಸಬೇಕು. ಪತ್ರದಲ್ಲಿ ಬರೆಯುವ ವಿಸ್ತೀರ್ಣ ಮತ್ತು ಚಕ್ಕುಬಂದಿ ನಕ್ಷೆಯಲ್ಲಿರುವಂತೆಯೇ ಇರಬೇಕು. ಹಳೆಯ ಪತ್ರದಿಂದ ಚಕ್ಕುಬಂದಿಯನ್ನು ನೋಡಿ ಬರೆಯುವ ಅಭ್ಯಾಸದಿಂದ ಎಷ್ಟೋ ಪತ್ರಗಳು ಕೆಟ್ಟಿವೆ. ನೋಂದಣಿಯ ಮಾಹಿತಿ ಭೂಮಿ ಕೇಂದ್ರಕ್ಕೆ ತಾನಾಗಿಯೇ ಹೋಗುತ್ತದೆ, ಮತ್ತು ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಮ್ಯುಟೇಷನ್ ಆಗುತ್ತದೆ. ಹೊಸ ಹಿಸ್ಸಾ ನಂಬರಿನ ಪಹಣಿ ಕೈಗೆ ಬಂದು, ಅದರಲ್ಲಿ ಒಬ್ಬರದೇ ಹೆಸರು ಮತ್ತು 0-12 ಎಂಬ ವಿಸ್ತೀರ್ಣ ಕಾಣುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು.

## 6. ಪರಿವರ್ತನೆಯ ಅರ್ಜಿ ಮತ್ತು ಪ್ರಮಾಣಪತ್ರ

ಅರ್ಜಿಯನ್ನು ಕಂದಾಯ ಇಲಾಖೆಯ ಭೂ ದಾಖಲೆಗಳ ಜಾಲತಾಣದಲ್ಲಿಯೇ ಸಲ್ಲಿಸಬೇಕು. ಸರ್ವೆ ನಂಬರ್, ವಿಸ್ತೀರ್ಣ ಮತ್ತು ಉದ್ದೇಶವನ್ನು ತುಂಬಿ, ನಿಗದಿತ ನಮೂನೆಯ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ಛಾಪಾ ಕಾಗದದ ಮೇಲೆ ಮುದ್ರಿಸಿ, ನೋಟರಿಯ ಮುಂದೆ ಸಹಿ ಮಾಡಿ, ಸ್ಕ್ಯಾನ್ ಮಾಡಿ ಏರಿಸಬೇಕು. ಜೊತೆಗೆ ಪಹಣಿ, ಮ್ಯುಟೇಷನ್ ನಕಲು, ಭಾಗವಾದರೆ 11ಇ ನಕ್ಷೆ.

ಈ ಪ್ರಮಾಣಪತ್ರವನ್ನು ಜನರು ಬರಿಯ ಕಟ್ಟಳೆಯ ಕಾಗದವೆಂದು ತಿಳಿದು ಓದದೆ ಸಹಿ ಮಾಡುತ್ತಾರೆ. ಜಮೀನು ಸರ್ಕಾರಿ ಅಲ್ಲ, ಮಂಜೂರಾತಿಯ ಷರತ್ತು ಉಲ್ಲಂಘನೆಯಾಗಿಲ್ಲ, ಭೂಸ್ವಾಧೀನದಲ್ಲಿಲ್ಲ, ವ್ಯಾಜ್ಯವಿಲ್ಲ ಎಂದು ಒಂದೊಂದನ್ನೂ ಅರ್ಜಿದಾರನೇ ಪ್ರಮಾಣ ಮಾಡಿ ಹೇಳುವ ಕಾಗದವಿದು. ಇದರಲ್ಲಿ ಸುಳ್ಳು ಕಂಡುಬಂದರೆ ಮನೆ ಕಟ್ಟಿದ ಮೇಲೂ ಆದೇಶ ರದ್ದಾಗಬಹುದು. ಮೂರನೆಯ ಹಂತವನ್ನು ಅಷ್ಟು ಒತ್ತಿ ಹೇಳಿದ್ದು ಈ ಕಾರಣಕ್ಕೆ: ಅಲ್ಲಿ ನೋಡಿಕೊಳ್ಳದೆ ಬಿಟ್ಟದ್ದನ್ನು ಇಲ್ಲಿ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ.

ಉದ್ದೇಶದ ಕಾಲಂನಲ್ಲಿ ವಾಸ ಎಂದಷ್ಟೇ ನಮೂದಿಸಬೇಕು. ಮುಂದೆ ಅಂಗಡಿಯೊಂದನ್ನು ಹಾಕುವ ಯೋಚನೆ ಇದ್ದರೆ ವಾಸದ ಆದೇಶ ಅದಕ್ಕೆ ಒದಗುವುದಿಲ್ಲ. ವಾಣಿಜ್ಯ ಉದ್ದೇಶಕ್ಕೆ ಅನುಮತಿಯೂ ಶುಲ್ಕವೂ ಬೇರೆ.

ಅರ್ಜಿ ತಹಶೀಲ್ದಾರರಿಗೂ ಯೋಜನಾ ಪ್ರಾಧಿಕಾರಕ್ಕೂ ಅಭಿಪ್ರಾಯಕ್ಕೆ ಹೋಗುತ್ತದೆ. ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದಾಗ ಅಲ್ಲಿ ಪಾಯ ತೋಡಿರಬಾರದು. ಅನುಮತಿಗೆ ಮುಂಚೆ ಕಟ್ಟಡ ಎದ್ದಿದ್ದರೆ 96ನೇ ಕಲಮಿನಂತೆ ದಂಡಕ್ಕೆ ಗುರಿಯಾಗಬೇಕಾಗುತ್ತದೆ, ತೆರವಿಗೂ ಆದೇಶವಾಗಬಹುದು. ಅರ್ಜಿಯ ಸ್ಥಿತಿಯನ್ನು ಆಗಾಗ ಜಾಲತಾಣದಲ್ಲಿ ನೋಡುತ್ತಿರಬೇಕು. ಯಾವ ಕಚೇರಿಯಲ್ಲಿ ನಿಂತಿದೆ ಎಂಬುದು ಅಲ್ಲಿ ಕಾಣುತ್ತದೆ. ಆಕ್ಷೇಪಣೆ ಬರೆದು ಮರಳಿಸಿದ್ದರೆ ಆ ಒಕ್ಕಣೆಯ ಪ್ರತಿಯನ್ನು ಇಟ್ಟುಕೊಂಡು, ಅದಕ್ಕಷ್ಟೇ ನೇರವಾದ ಉತ್ತರವನ್ನು ದಾಖಲೆಯೊಂದಿಗೆ ಕೊಡಬೇಕು. ಅದನ್ನು ಬಿಟ್ಟು ಹೊಸ ಅರ್ಜಿ ಹಾಕಿದರೆ ಅದೇ ಆಕ್ಷೇಪಣೆ ಮತ್ತೆ ಎದುರಾಗುತ್ತದೆ.

## 7. ಶುಲ್ಕ ಮತ್ತು ಆದೇಶ

ಅಭಿಪ್ರಾಯಗಳು ಅನುಕೂಲವಾಗಿದ್ದರೆ ಪರಿವರ್ತನಾ ಶುಲ್ಕದ ತಿಳಿವಳಿಕೆ ಬರುತ್ತದೆ. ಜಮೀನು ಇರುವ ಸ್ಥಳ, ವಿಸ್ತೀರ್ಣ ಮತ್ತು ಉದ್ದೇಶವನ್ನು ನೋಡಿ ಮೊತ್ತ ನಿರ್ಧಾರವಾಗುತ್ತದೆ. ಹಣವನ್ನು ಸರ್ಕಾರದ ಚಲನ್ ಮೂಲಕವೇ ಕಟ್ಟಬೇಕು. ಚಲನ್ ಇಲ್ಲದೆ ಯಾರಾದರೂ ಶುಲ್ಕವೆಂದು ನಗದು ಕೇಳಿದರೆ ಆ ವ್ಯಕ್ತಿಯಿಂದ ದೂರವಿರಬೇಕು.

ಆದೇಶ ಬಂದ ಕೂಡಲೇ ಹಿಸ್ಸಾ ನಂಬರ್, ಎಕರೆ ಮತ್ತು ಗುಂಟೆ, ಗ್ರಾಮ, ಹೋಬಳಿ, ಉದ್ದೇಶ ಇವನ್ನು ಅಕ್ಷರಕ್ಕಕ್ಷರ ಓದಿಕೊಳ್ಳಬೇಕು. 47/5ರ ಬದಲು 47/2 ಎಂದು ಅಚ್ಚಾಗಿದ್ದರೆ ಪಂಚಾಯಿತಿಯಲ್ಲಿ ಆ ಆದೇಶ ನಡೆಯುವುದಿಲ್ಲ. ಅದೇ ವಾರ ತಿದ್ದೋಲೆಗೆ ಅರ್ಜಿ ಕೊಟ್ಟರೆ ಕೆಲಸ ಹಗುರವಾಗುತ್ತದೆ. ಆದೇಶದ ಕೊನೆಯಲ್ಲಿರುವ ಷರತ್ತುಗಳೂ ಆದೇಶದಷ್ಟೇ ಮುಖ್ಯ, ಏಕೆಂದರೆ ಷರತ್ತು ಮುರಿದರೆ ಅನುಮತಿಯೇ ಹೋಗುತ್ತದೆ.

## 8. ಆದೇಶದ ನಂತರ ಉಳಿಯುವ ನಾಲ್ಕು ಕೆಲಸಗಳು

ಆದೇಶ ಕೈಗೆ ಬಂದ ಮೇಲೆ ಎಲ್ಲವೂ ಮುಗಿಯಿತೆಂದು ಗಾರೆಯವರನ್ನು ಕರೆಸುವುದೇ ಕೊನೆಯ ದೊಡ್ಡ ತಪ್ಪು. ಜಿಲ್ಲಾಧಿಕಾರಿಗಳ ಆದೇಶ ನೆಲದ ಉದ್ದೇಶವನ್ನಷ್ಟೇ ಬದಲಿಸುತ್ತದೆ; ಕಟ್ಟಡಕ್ಕೆ ಅನುಮತಿ ಕೊಡುವುದಿಲ್ಲ.

ಮೊದಲು ಪಹಣಿಯಲ್ಲಿ ಭೂ ಪರಿವರ್ತನೆಯ ನಮೂದು ಬಂದಿದೆಯೇ ಎಂದು ನೋಡಿ ಹೊಸ ಪಹಣಿಯ ಪ್ರತಿ ತೆಗೆಯಬೇಕು. ಎರಡನೆಯದಾಗಿ, ಯೋಜನಾ ಪ್ರಾಧಿಕಾರದಿಂದ, ಪ್ರಾಧಿಕಾರವಿಲ್ಲದ ಕಡೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಿಂದ, ಏಕನಿವೇಶನ ವಿನ್ಯಾಸ ನಕ್ಷೆಗೆ ಅನುಮೋದನೆ ಪಡೆಯಬೇಕು. ಇಲ್ಲಿ ಜಾಗಕ್ಕೆ ಸಾರ್ವಜನಿಕ ರಸ್ತೆಯ ಸಂಪರ್ಕವಿದೆಯೇ ಎಂಬುದೇ ದೊಡ್ಡ ಪ್ರಶ್ನೆ. ನಮ್ಮ ಉದಾಹರಣೆಯಲ್ಲಿ ನಷ್ಟವೆಂದು ತೋರಿದ ಆ ಮೂರು ಗುಂಟೆಯ ಬಂಡಿದಾರಿ ಈಗ ಉಪಕಾರಕ್ಕೆ ಬರುತ್ತದೆ: ಅದು ಸರ್ವೆ ದಾಖಲೆಯಲ್ಲಿಯೇ ಸಾರ್ವಜನಿಕ ದಾರಿ ಎಂದಿರುವುದರಿಂದ 12 ಗುಂಟೆಗೆ ಸಂಪರ್ಕವನ್ನು ಕಾಗದದಲ್ಲಿ ತೋರಿಸಬಹುದು. ಹನ್ನೆರಡು ಗುಂಟೆಯನ್ನು ಹಲವು ನಿವೇಶನಗಳಾಗಿ ಒಡೆದು ಮಾರುವ ಯೋಚನೆಯಿದ್ದರೆ ಏಕನಿವೇಶನ ಅನುಮೋದನೆ ಸಾಲದು. ರಸ್ತೆ ಮತ್ತು ಉದ್ಯಾನಕ್ಕೆ ಜಾಗ ಬಿಟ್ಟ ಬಡಾವಣೆ ನಕ್ಷೆಗೆ ಅನುಮೋದನೆ ಬೇಕು.

ಮೂರನೆಯದಾಗಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಪರಿವರ್ತನಾ ಆದೇಶ ಮತ್ತು ಅನುಮೋದಿತ ವಿನ್ಯಾಸ ನಕ್ಷೆಯನ್ನು ಕೊಟ್ಟು ಇ-ಸ್ವತ್ತು ತಂತ್ರಾಂಶದಲ್ಲಿ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಪಡೆಯಬೇಕು. ವಿನ್ಯಾಸ ನಕ್ಷೆಯಿಲ್ಲದೆ ಆದೇಶವೊಂದನ್ನೇ ಹಿಡಿದು ಹೋದವರು ಇಲ್ಲಿಂದಲೇ ಹಿಂದಿರುಗುತ್ತಾರೆ. ಬ್ಯಾಂಕಿನವರು ಗೃಹಸಾಲಕ್ಕೆ ಮೊದಲು ಕೇಳುವುದೂ ಈ ನಮೂನೆಗಳನ್ನೇ. ನಗರಸಭೆ ಅಥವಾ ಪುರಸಭೆಯ ವ್ಯಾಪ್ತಿಯಾದರೆ ಇದರ ಬದಲು ಅಲ್ಲಿನ ಇ-ಖಾತೆ.

ಕೊನೆಯದಾಗಿ, 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಕಟ್ಟಡ ಪರವಾನಗಿ. ಮನೆಯ ನಕ್ಷೆಯಲ್ಲಿನ ನಿವೇಶನದ ಅಳತೆ ನಮೂನೆ 9ರಲ್ಲಿರುವ ಅಳತೆಯೇ ಆಗಿರಬೇಕು. ಈ ಪರವಾನಗಿ ಸಿಕ್ಕ ಮೇಲೆ ಪಾಯಕ್ಕೆ ಗುದ್ದಲಿ ಹಾಕಬಹುದು. ಬಂಡಿದಾರಿಯ ಕಡೆಯ ಬಾಂದುಕಲ್ಲುಗಳನ್ನು ಮಾತ್ರ ಕೆಲಸ ಮುಗಿಯುವವರೆಗೂ ಕೀಳದಂತೆ, ಮಣ್ಣಿನಡಿ ಹೂತುಹೋಗದಂತೆ ನೋಡಿಕೊಳ್ಳಬೇಕು.